ಚಂದ್ರ ಗುಡಿ ಕಟ್ಟಿದರೆ ಪುಣೆಗೆ ಮಳೆ ಬರುತ್ತಾ?

ಪುಣೆ, 11 ಮೇ 2025, ಭಾನುವಾರ ರಾತ್ರಿ

ನಾಳೆ ಹುಣ್ಣಿಮೆ. ಇವತ್ತು ರಾತ್ರಿ ಹತ್ತರ ಹೊತ್ತಿಗೆ ಚಂದ್ರನ ಸುತ್ತ ಬೆಳಕಿನ ದೊಡ್ಡ ವೃತ್ತ, ಅಂದರೆ ಗುಡಿ, ಕಟ್ಟಿತ್ತು. ಕೋಥ್ರೂಡ್‌ನ ನಮ್ಮ ಟೆರೇಸ್ ಮೇಲೆ ಪಕ್ಕದ ಮನೆಯ ಅಜ್ಜ ಅದನ್ನು ನೋಡಿ ಮರಾಠಿಯಲ್ಲಿ "ಖಳೆ ಪಡಲಂಯ್, ಪಾವೂಸ್ ಯೇಣಾರ್" ಅಂದರು, ಅಂದರೆ ಗುಡಿ ಕಟ್ಟಿದೆ, ಮಳೆ ಬರುತ್ತದೆ ಅಂತ. ಧಾರವಾಡಕ್ಕೆ ಫೋನ್ ಮಾಡಿದರೆ ಅವ್ವನೂ ಅದನ್ನೇ ಹೇಳಿದಳು: "ದೂರ ಗುಡಿ ಕಟ್ಟಿದರ ಮಳಿ ಹತ್ರ, ಹತ್ರ ಗುಡಿ ಕಟ್ಟಿದರ ಮಳಿ ದೂರ."

ಈ ಮಾತಿನಲ್ಲಿ ಒಂದು ಒಳ್ಳೆಯ ಗಮನಿಕೆ ಇದೆ. ದೂರದ ಗುಡಿ, ಹತ್ತಿರದ ಗುಡಿ ಎರಡೂ ಬೇರೆ ಬೇರೆ. ಚಂದ್ರನಿಗೆ ಅಂಟಿಕೊಂಡಂತೆ ಕಾಣುವ ಸಣ್ಣ ಬಣ್ಣದ ವೃತ್ತ ನೀರಿನ ಸಣ್ಣ ಹನಿಗಳಿಂದ ಆಗುವುದು, ತೆಳುವಾದ ನಡು ಎತ್ತರದ ಮೋಡ ಹಾದುಹೋದರೆ ಸಾಕು. ದೊಡ್ಡ ಗುಡಿ ಮಂಜುಗಡ್ಡೆಯ ಹರಳುಗಳದ್ದು. ಎಷ್ಟೋ ಕಿಲೋಮೀಟರ್ ಮೇಲೆ, ಚಳಿ ಕೊರೆಯುವ ಎತ್ತರದಲ್ಲಿ ತೆಳ್ಳಗೆ ಹರಡಿದ ಮೋಡದಲ್ಲಿ ಆರು ಮುಖದ ಹರಳುಗಳಿರುತ್ತವೆ. ಬೆಳಕು ಒಂದು ಮುಖದಿಂದ ಒಳಗೆ ಹೋಗಿ, ಪಕ್ಕದ ಒಂದು ಮುಖ ಬಿಟ್ಟು ಅದರ ಆಚೆಯದರಿಂದ ಹೊರಬರುವಾಗ ಸುಮಾರು 22 ಡಿಗ್ರಿಗಿಂತ ಕಡಿಮೆ ಬಾಗುವುದೇ ಇಲ್ಲ. ಅದಕ್ಕೇ ವೃತ್ತದ ಒಳಗಿನ ಆಕಾಶ ಹೊರಗಿನದಕ್ಕಿಂತ ಕಪ್ಪಾಗಿ ಕಾಣುತ್ತದೆ, ಒಳ ಅಂಚು ಸ್ವಲ್ಪ ಕೆಂಪಗಿರುತ್ತದೆ.

ಅಳೆಯುವುದು ಸುಲಭ. ಕೈ ಪೂರ್ತಿ ಚಾಚಿ, ಬೆರಳು ಅಗಲಿಸಿ, ಹೆಬ್ಬೆರಳನ್ನು ಚಂದ್ರನ ಮೇಲೆ ಇಟ್ಟರೆ ಕಿರುಬೆರಳ ತುದಿ ಹೆಚ್ಚುಕಡಿಮೆ ವೃತ್ತಕ್ಕೆ ತಾಗುತ್ತದೆ. ಇವತ್ತು ತಾಗಿತು. ಚಿತ್ತಾ ನಕ್ಷತ್ರ ಚಂದ್ರನ ಬಲಕ್ಕೆ, ಸ್ವಲ್ಪ ಮೇಲೆ, ಗುಡಿಯ ಒಳಗೇ ಇತ್ತು. ಸಣ್ಣಪುಟ್ಟ ಚುಕ್ಕಿ ಒಂದೂ ಕಾಣಲಿಲ್ಲ, ಇದೊಂದೇ ಮೋಡದ ತೆಳುಪದರ ದಾಟಿ ಹೊಳೆಯುತ್ತಿತ್ತು.

ಸರಿ, ಮಳೆ ಬರುತ್ತಾ? ಇವತ್ತಿನ ಗುಡಿಯ ಮಟ್ಟಿಗೆ ನನ್ನ ಉತ್ತರ ಇಲ್ಲ ಅಂತಲೇ.

ತಂಪು ದೇಶಗಳಲ್ಲಿ ಈ ಗುರುತು ಚೆನ್ನಾಗಿ ನಡೆಯುತ್ತದೆ, ಅದಕ್ಕೆ ಕಾರಣ ಇದೆ. ಅಲ್ಲಿ ಬಿಸಿ ಗಾಳಿ ತಣ್ಣನೆಯ ಗಾಳಿಯ ಮೇಲೆ ಓರೆಯಾಗಿ ಹತ್ತುತ್ತಾ ಬರುತ್ತದೆ, ಎತ್ತರದ ಮೋಡ ನೂರಾರು ಕಿಲೋಮೀಟರ್ ಮುಂದೆ ಓಡುತ್ತದೆ, ಮಳೆ ಅರ್ಧ ದಿನವೋ ಒಂದು ದಿನವೋ ಬಿಟ್ಟು ಹಿಂದೆ ಬರುತ್ತದೆ. ಪುಣೆಯ ಮೇ ತಿಂಗಳಲ್ಲಿ ಹಾಗೆ ಆಗುವುದಿಲ್ಲ. ಇಲ್ಲಿ ಮಧ್ಯಾಹ್ನದ ಬಿಸಿಲಿಗೆ ಗುಡುಗಿನ ಮೋಡ ಎದ್ದು ನಿಲ್ಲುತ್ತದೆ, ತಲೆ ಮೇಲಕ್ಕೆ ಹೋಗಿ ಇನ್ನು ಏರಲಾಗದೆ ಚಪ್ಪಟೆಯಾಗಿ ಹರಡುತ್ತದೆ. ಕೆಳಗಿನ ಮೋಡ ಮಳೆ ಸುರಿಸಿ ಕರಗಿದ ಮೇಲೂ ಆ ಮೇಲಿನ ಹರಹು ಗಂಟೆಗಟ್ಟಲೆ ಉಳಿದು ಗಾಳಿಯ ಜೊತೆ ತೇಲುತ್ತದೆ. ಸಂಜೆ ಸಾತಾರಾ ಕಡೆ ಗುಡುಗು ಕೇಳಿಸಿತ್ತು, ಮಿಂಚೂ ಕಂಡಿತ್ತು. ಇವತ್ತಿನ ಗುಡಿ ಆ ಮಳೆಯ ಉಳಿಕೆ ಅಂತ ನನ್ನ ಲೆಕ್ಕ. ಅಂದರೆ ಬರುವ ಮಳೆಯ ಸುದ್ದಿ ಅಲ್ಲ, ಬೇರೆಲ್ಲೋ ಆಗಿಹೋದ ಮಳೆಯ ಸುದ್ದಿ.

ಎರಡನ್ನೂ ಬೇರೆ ಮಾಡಿ ನೋಡಬೇಕಾದರೆ ಒಂದೆರಡು ಗಂಟೆ ಕಾಯಬೇಕು, ಬೇರೆ ದಾರಿ ಇಲ್ಲ. ಉಳಿಕೆ ಮೋಡವಾದರೆ ಅದರ ಅಂಚು ಹರಿದಿರುತ್ತದೆ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಖಾಲಿ ಆಕಾಶ. ಗುಡಿಯೂ ತುಂಡು ತುಂಡಾಗಿ ಮಾಯವಾಗುತ್ತದೆ. ನಿಜವಾಗಿ ಏನೋ ಬರುತ್ತಿದ್ದರೆ ಮೊದಲು ಒಂದೇ ದಿಕ್ಕಿನಿಂದ ಎಳೆ ಎಳೆ ಮೋಡ ಬರುತ್ತದೆ, ಆಮೇಲೆ ಆಕಾಶವೆಲ್ಲ ಮುಸುಕು, ಆಮೇಲೆ ಗುಡಿ. ನಂತರ ಮೋಡ ದಪ್ಪವಾಗಿ ಕೆಳಗಿಳಿದು ಗುಡಿ ಅಳಿಸಿಹೋಗುತ್ತದೆ, ಚಂದ್ರ ಮಾತ್ರ ಬಾತ್‌ರೂಮಿನ ಮಬ್ಬು ಗಾಜಿನ ಆಚೆಯ ಬಲ್ಬಿನಂತೆ ಕಾಣುತ್ತಾನೆ. ಎಚ್ಚರ ವಹಿಸಬೇಕಾದದ್ದು ಗುಡಿ ಕಂಡಾಗಲ್ಲ, ಅದು ಹೀಗೆ ಅಳಿಸಿಹೋದಾಗ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಇರುವ ದಿನಗಳಲ್ಲಂತೂ ಈ ಕ್ರಮವನ್ನು ಬಿಡದೆ ನೋಡಬೇಕು, ಅದರ ಎತ್ತರದ ಮೋಡ ಮಳೆಗಿಂತ ಬಹಳ ಮುಂದೆ ಹರಡಿರುತ್ತದೆ. 2020ರ ಜೂನ್ 3ಕ್ಕೆ ರಾಯಗಡದ ಕರಾವಳಿಗೆ ಬಡಿದ ನಿಸರ್ಗ ಚಂಡಮಾರುತ ಪುಣೆಯನ್ನೂ ಬಿಟ್ಟಿರಲಿಲ್ಲ. ಚಳಿಗಾಲದಲ್ಲಿ ಮಾತ್ರ ಗುಡಿ ಕಂಡು ಕೊಡೆ ಹುಡುಕುವುದು ಬೇಡ. ಆ ಎಳೆ ಮೋಡ ಮೇಲಿನ ಜೋರು ಗಾಳಿಯಲ್ಲಿ ಸುಮ್ನೆ ಹಾದುಹೋಗುತ್ತದೆ, ಹೆಚ್ಚೆಂದರೆ ಅವತ್ತಿನ ರಾತ್ರಿ ಚಳಿ ಸ್ವಲ್ಪ ಕಡಿಮೆ ಇರುತ್ತದೆ.

ಹನ್ನೆರಡೂವರೆಗೆ ಮತ್ತೆ ಹೋಗಿ ನೋಡಿದೆ. ಗುಡಿಯ ಎಡಭಾಗ ಹೋಗಿತ್ತು, ಪೂರ್ವದಲ್ಲಿ ಸಣ್ಣ ಚುಕ್ಕಿಗಳೂ ಕಾಣುತ್ತಿದ್ದವು. ನಾಳೆ ಸಂಜೆ ಮಳೆ ಬಂದರೂ ಬರಬಹುದು, ಮೇ ತಿಂಗಳಲ್ವಾ. ಆದರೆ ಅದಕ್ಕೆ ಈ ಗುಡಿ ಕಾರಣವೂ ಅಲ್ಲ, ಗುರುತೂ ಅಲ್ಲ. ಆ ಮಳೆಗೆ ನಾಳೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಸಿಂಹಗಡದ ಮೇಲೆ ಬಿಳಿ ಮೋಡ ಎಷ್ಟು ಬೇಗ ಮೇಲಕ್ಕೆ ಬೆಳೆಯುತ್ತದೆ ಅಂತ ನೋಡಬೇಕು. ಅವ್ವನಿಗೂ ಹಾಗೇ ಹೇಳಿದ್ದೇನೆ.