ಎರಡು ಗ್ರಾಂ ನೀರು

ಎರಡು ತಿಂಗಳಿಂದ 3ಡಿ ಪ್ರಿಂಟರ್ ಮೇಲೆ ತೆರೆದೇ ಇದ್ದ, ಪಿಇಟಿಜಿ ಎಂಬ ಪ್ಲಾಸ್ಟಿಕ್ ಫಿಲಮೆಂಟ್ ಸುತ್ತಿದ ಸ್ಪೂಲ್ ಅದು. ಚಿಕ್ಕ ಡಬ್ಬಿಯೊಂದನ್ನು ಪ್ರಿಂಟ್ ಮಾಡಲು ಕೊಟ್ಟೆ. ಗೋಡೆಯಿಂದ ಗೋಡೆಗೆ ಜೇಡರ ಬಲೆಯಂತೆ ಎಳೆಗಳು ಬಂದವು. ಫಿಲಮೆಂಟನ್ನು ಹಿಂದಕ್ಕೆಳೆಯುವ ರಿಟ್ರಾಕ್ಷನ್ ಜಾಸ್ತಿ ಮಾಡಿದೆ, ಪ್ಲಾಸ್ಟಿಕ್ ಕರಗಿ ಹೊರಬರುವ ನಾಜಲ್‌ನ ಬಿಸಿ 10 ಡಿಗ್ರಿ ಇಳಿಸಿದೆ. ಎಳೆಗಳು ಹೋಗಲಿಲ್ಲ.

ಹತ್ತಿರ ಕೂತು ಕೇಳಿದಾಗ ನಾಜಲ್‌ನಿಂದ ಚಟಪಟ ಸದ್ದು ಬರುತ್ತಿತ್ತು. ಪ್ರಿಂಟ್ ನಿಲ್ಲಿಸಿ, ನಾಜಲ್ ಮೇಲೆತ್ತಿ, ಸ್ವಲ್ಪ ಫಿಲಮೆಂಟನ್ನು ಗಾಳಿಯಲ್ಲೇ ಹೊರತಳ್ಳಿದೆ. ಒಣಗಿದ್ದರೆ ಎಳೆ ನುಣುಪಾಗಿ, ಹೊಳೆಯುತ್ತಾ ಬರಬೇಕು. ಇದು ಮಂಕಾಗಿತ್ತು, ಒಳಗೆ ಪುಟ್ಟ ಗುಳ್ಳೆಗಳಿದ್ದವು. ಪ್ಲಾಸ್ಟಿಕ್ ಹೀರಿಕೊಂಡ ನೀರು ನಾಜಲ್‌ನಲ್ಲಿ ಆವಿಯಾಗಿ ಸಿಡಿಯುತ್ತಿತ್ತು. ಅದಕ್ಕೆ ಯಾವ ಸೆಟ್ಟಿಂಗ್ ತಾನೇ ಏನು ಮಾಡೀತು?

ಅಡುಗೆಗೆ ಬಳಸದ ಹಳೆಯ ಓವನ್ ಒಂದಿತ್ತು. ಸ್ಪೂಲ್ ಇಡುವ ಮೊದಲು ಬರೀ ಥರ್ಮಾಮೀಟರ್ ಇಟ್ಟು 65 ಡಿಗ್ರಿಗೆ ಹಚ್ಚಿದೆ. ಮುಳ್ಳು 88ರವರೆಗೆ ಹೋಗಿ, ಆಮೇಲೆ ಇಳಿಯಿತು. ಪಿಇಟಿಜಿ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ಸುತ್ತುಗಳು ಒಂದಕ್ಕೊಂದು ಅಂಟಿಬಿಡುತ್ತವೆ. ಪಿಎಲ್‌ಎ ಪ್ಲಾಸ್ಟಿಕ್ ಆಗಿದ್ದರೆ 60ರ ಹತ್ತಿರವೇ ಕೆಟ್ಟಿರುತ್ತಿತ್ತು. ಅದೂ ಅಲ್ಲದೆ ಕಾಯಿಲ್‌ಗೆ ಎದುರಾಗಿರುವ ಬದಿ ಒಳಗಿನ ಗಾಳಿಗಿಂತ ಜಾಸ್ತಿ ಕಾಯುತ್ತದೆ. ಓವನ್ ಆರಿಸಿದೆ.

ಕೊನೆಗೆ ಫಿಲಮೆಂಟ್ ಡ್ರೈಯರ್ ಹಿಡಿದೆ. ಮೊದಲು ಸ್ಪೂಲನ್ನು ತೂಗಿದೆ: 842 ಗ್ರಾಂ. 65 ಡಿಗ್ರಿ ಇಟ್ಟು ಮುಚ್ಚಳ ಬಿಗಿಯಾಗಿ ಹಾಕಿದೆ. ಎರಡು ಗಂಟೆ ಕಳೆದರೂ ತೂಕ ಇಳಿಯಲಿಲ್ಲ. ಫಿಲಮೆಂಟಿನಿಂದ ಹೊರಬಂದ ತೇವಕ್ಕೆ ಹೋಗಲು ದಾರಿಯೇ ಇರಲಿಲ್ಲ, ಅಲ್ವಾ! ಮುಚ್ಚಳದಡಿ ಒಂದು ಕಡ್ಡಿ ಸಿಕ್ಕಿಸಿ ಸಣ್ಣ ಸಂದು ಬಿಟ್ಟೆ. ನಾಲ್ಕು ಗಂಟೆಯ ಮೇಲೆ 840 ಗ್ರಾಂ ಆಯಿತು. ಇನ್ನೆರಡು ಗಂಟೆ ಬಿಟ್ಟರೂ ಅಷ್ಟೇ ಇತ್ತು. ತೂಕ ನಿಂತಿತೆಂದರೆ ಒಣಗಿದೆ ಎಂದು ನಾನು ನಂಬುತ್ತೇನೆ. ಗಡಿಯಾರಕ್ಕಿಂತ ತಕ್ಕಡಿಯೇ ವಾಸಿ. ಅದೇ ಡಬ್ಬಿಯನ್ನು ಮೊದಲಿನ ಸೆಟ್ಟಿಂಗ್‌ನಲ್ಲೇ ಮತ್ತೆ ಪ್ರಿಂಟ್ ಮಾಡಿದೆ. ಸದ್ದಿಲ್ಲ, ಬಲೆಯೂ ಇಲ್ಲ.

ಈಗ ಸ್ಪೂಲ್ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬದಲ್ಲಿದೆ. ಜೊತೆಗೆ ಬಟ್ಟೆಚೀಲದಲ್ಲಿ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಅದು 20 ಶೇಕಡಾ ದಾಟದಂತೆ ನೋಡಿಕೊಳ್ಳುತ್ತೇನೆ. ಒದ್ದೆ ಸ್ಪೂಲನ್ನು ಸುಮ್ನೆ ಜೆಲ್ ಜೊತೆ ಮುಚ್ಚಿಟ್ಟರೆ ಒಣಗುವುದು ತೀರಾ ನಿಧಾನ. ಜೆಲ್ ಇರುವುದು ಒಣಗಿದ್ದನ್ನು ಹಾಗೇ ಉಳಿಸಲು. ನನ್ನ ಜೆಲ್‌ನ ಕಿತ್ತಳೆ ಮಣಿಗಳು ತೇವ ಹೀರಿ ಹಸಿರಾದಾಗ ಆ ಹಳೆಯ ಓವನ್ನಿಗೇ ಕೆಲಸ. 110 ಡಿಗ್ರಿಗೆ ಇಟ್ಟು ಎರಡು ಗಂಟೆ ಬಿಟ್ಟರೆ ಮತ್ತೆ ಕಿತ್ತಳೆಯಾಗುತ್ತವೆ. ಬಿಸಿ ಸ್ವಲ್ಪ ಆಚೀಚೆಯಾದರೂ ಮಣಿಗಳಿಗೆ ಏನೂ ಆಗುವುದಿಲ್ಲ.