ಸ್ವೀಪ್ ಖಾತೆ ತಾಳೆ: ಬದಿಯಡ್ಕ ಕಡೆಯ ಅಡಿಕೆ ಖಾತೆ, ಜೂನ್–ಜುಲೈ

ಮೊದಲ ಸುತ್ತು. ಕೈಯಲ್ಲಿರುವುದು ಉಳಿತಾಯ ಖಾತೆಯ ಸ್ಟೇಟ್‌ಮೆಂಟ್, ಅದಕ್ಕೆ ಜೋಡಿಸಿದ ಠೇವಣಿಗಳ ಪಟ್ಟಿ, ಖಾತೆ ತೆರೆದಾಗ ಕೊಟ್ಟ ಷರತ್ತಿನ ಹಾಳೆ. ಷರತ್ತು ಹೀಗಿದೆ: 25,000 ರೂಪಾಯಿಗಿಂತ ಹೆಚ್ಚಿದ ಹಣ ಸಾವಿರದ ಲೆಕ್ಕದಲ್ಲಿ ಒಂದು ವರ್ಷದ ಠೇವಣಿಗೆ ಹೋಗಬೇಕು, ಖಾತೆಯಲ್ಲಿ ಕಡಿಮೆ ಬಿದ್ದರೆ ಕೊನೆಗೆ ಇಟ್ಟ ಠೇವಣಿ ಮೊದಲು ಮುರಿಯಬೇಕು. ಉಳಿತಾಯದಿಂದ ಹೊರಗೆ ಹೋದದ್ದನ್ನು ಇಲ್ಲಿ ಸ್ವೀಪ್ ಔಟ್ ಅಂತಲೇ ಬರೆಯುತ್ತೇವೆ. ಕೆಲವು ಬ್ಯಾಂಕುಗಳು ಅದನ್ನೇ ಠೇವಣಿಯ ಕಡೆಯಿಂದ ನೋಡಿ ಸ್ವೀಪ್ ಇನ್ ಅನ್ನುತ್ತವೆ, ಹಾಗಾಗಿ ಹೆಸರು ನಂಬದೆ ಜಮೆಯೋ ಖರ್ಚೋ ಎಂಬ ಕಾಲಂ ನೋಡಬೇಕು.

ಜೂನ್ 3: ಖಾತೆಯಲ್ಲಿ 18,320 ಇತ್ತು, ಅಡಿಕೆಯ ದುಡ್ಡು 1,86,450 ಬಂತು. ಮಿತಿಗಿಂತ 1,79,770 ಹೆಚ್ಚು. ಠೇವಣಿಗೆ ಹೋದದ್ದು 1,79,000, ಖಾತೆಯಲ್ಲಿ ಉಳಿದದ್ದು 25,770. ಸರಿ. ಜೂನ್ 20: 22,400 ಬಂದು 48,170 ಆಯಿತು, 23,000 ಎರಡನೇ ಠೇವಣಿಯಾಗಿ 25,170 ಉಳಿಯಿತು. ಇದೂ ಸರಿ. ಎರಡೂ ಸಾಲಿನಲ್ಲಿರುವ ಠೇವಣಿ ಸಂಖ್ಯೆ ಪಟ್ಟಿಗೆ ಹೊಂದುತ್ತದೆ. (ಜಮೆಯಾದ ದಿನವೇ ಸ್ವೀಪ್ ಕಾಣದಿದ್ದರೆ ಗಾಬರಿ ಬೇಡ, ವಾರಕ್ಕೊಮ್ಮೆ ಗೊತ್ತಾದ ದಿನ ಮಾಡುವ ಬ್ಯಾಂಕುಗಳೂ ಇವೆ.)

ಎರಡನೇ ಸುತ್ತು. ಜುಲೈ 15ರಂದು 60,000ದ ಚೆಕ್ ಪಾಸಾಗಿದೆ. ಕಡಿಮೆ ಬಿದ್ದದ್ದು 34,830, ಮುರಿದದ್ದು 35,000. ಉಳಿದ ಠೇವಣಿಗಳ ಮೊತ್ತ 1,67,000. ಅಸಲು ತಾಳೆಯಾಯಿತು. ಆದರೆ ಇಲ್ಲಿಗೆ ನಿಲ್ಲಿಸಿದರೆ ತಪ್ಪು ಸಿಗುವುದಿಲ್ಲ: ಯಾವ ಠೇವಣಿ ಮುರಿದರೂ ಈ ಮೊತ್ತ ಬದಲಾಗದು.

ಷರತ್ತಿನಂತೆ ಎರಡನೆಯದು ಪೂರ್ತಿ, ಅಂದರೆ 23,000, ಹೋಗಿ ಮೊದಲನೆಯದರಿಂದ 12,000 ಮಾತ್ರ ಮುರಿಯಬೇಕಿತ್ತು. ಪಟ್ಟಿಯಲ್ಲಿ ಮೊದಲನೆಯದು 1,44,000ಕ್ಕೆ ಇಳಿದಿದೆ, ಎರಡನೆಯದು 23,000 ಹಾಗೇ ಕೂತಿದೆ. ಗುಟ್ಟು ಬಿಟ್ಟುಕೊಟ್ಟದ್ದು ಬಡ್ಡಿಯ ಸಾಲು. ಅವಧಿಗೆ ಮುಂಚೆ ಮುರಿದ ಹಣಕ್ಕೆ ಅದು ಇದ್ದಷ್ಟು ದಿನದ ದರ: ಷರತ್ತಿನ ಹಾಳೆಯ ಪ್ರಕಾರ 25 ದಿನಕ್ಕೆ 3%, 42 ದಿನಕ್ಕೆ 3.5%. ಸರಿಯಾದ ಲೆಕ್ಕ:

```
23000 × 3%   × 25/365 = 47.26
12000 × 3.5% × 42/365 = 48.33
```

ಒಟ್ಟು 95.59 ಬರಬೇಕಿದ್ದ ಕಡೆ 140.96 ಬಂದಿದೆ. ಪೂರ್ತಿ 35,000ಕ್ಕೆ 42 ದಿನ ಹಾಕಿದರೆ ಸರಿಯಾಗಿ ಇದೇ ಅಂಕಿ.

ಹೆಚ್ಚು ಬಂತಲ್ಲ, ಬಿಡಿ ಎನ್ನುವಂತಿಲ್ಲ. ಈಗ 45 ರೂಪಾಯಿ ಲಾಭ ಕಂಡರೂ, ಅವಧಿ ಮುಗಿಯುವವರೆಗೆ ಇಟ್ಟರೆ 6.5% ಸಿಗುವ ಹಳೆಯ 23,000 ಕೈತಪ್ಪಿದೆ. ಅದರ ಬದಲು ಉಳಿದದ್ದು 17 ದಿನ ಎಳೆಯದು. ಆ 17 ದಿನದ ಬೆಲೆ ಸುಮಾರು 70 ರೂಪಾಯಿ.

ಬಾಕಿ: ಶಾಖೆಗೆ ಕೊಡುವ ಅರ್ಜಿಯಲ್ಲಿ ಎರಡೂ ಠೇವಣಿ ಸಂಖ್ಯೆ, ಜುಲೈ 15ರ ಸಾಲು, ಷರತ್ತಿನ ಹಾಳೆಯ ಪ್ರತಿ ಸೇರಿಸಬೇಕು. ಜೂನ್ 3ರ ದಿನಾಂಕ ಬದಲಾಗದಂತೆಯೇ 23,000 ಮೊದಲ ಠೇವಣಿಗೆ ಮರಳಬೇಕು ಎಂದು ಸ್ಪಷ್ಟವಾಗಿ ಬರೆಯಬೇಕು. ಇಲ್ಲದಿದ್ದರೆ ಇವತ್ತಿನ ದಿನಾಂಕದ ಹೊಸ ಠೇವಣಿ ಮಾಡಿಬಿಡುತ್ತಾರೆ. ಸರಿಪಡಿಸುವಾಗ 45.37 ರೂಪಾಯಿ ಖಾತೆಯಿಂದ ವಾಪಸು ಹೋಗುತ್ತದೆ, ಅದು ಸರಿಯೇ.