ಸೊನ್ನೆ ಬಿಲ್ ಹೋಯ್ತು

ಹುಬ್ಬಳ್ಳಿ, 14 ನವೆಂಬರ್ 2025

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ಕಳೆದ ತಿಂಗಳು ಫೋನ್ ಮಾಡಿದ್ದ. "ಮಾಮಾ, ಕಾರ್ ರಾತ್ರಿನೇ ಚಾರ್ಜಿಗೆ ಹಾಕ್ರಿ, ಭಾಳ ಅಗ್ಗ" ಅಂದ. ಅವನ ಮನೆಗೆ ರಾತ್ರಿ ದರದ ಮೀಟರ್ ಇದೆ. ನಡುರಾತ್ರಿ ಯೂನಿಟ್‌ಗೆ 7 ಪೆನ್ಸ್, ಹೊರಗೆ ಫಾಸ್ಟ್ ಚಾರ್ಜರ್‌ನಲ್ಲಿ 75. ಹತ್ತು ಪಟ್ಟು!

ನಾನೂ ಶ್ರದ್ಧೆಯಿಂದ ರಾತ್ರಿ ಹತ್ತಕ್ಕೆ ಪ್ಲಗ್ ಹಾಕಿದೆ. ಇವತ್ತು ಬಿಲ್ ಬಂತು: 2,384 ರೂಪಾಯಿ. ಹೋದ ತಿಂಗಳು ಸೊನ್ನೆ ಇತ್ತು.

ಮೊದಲನೇ ತಪ್ಪು, ನಮ್ಮ ಮನೆ ಮೀಟರ್‌ಗೆ ರಾತ್ರಿ ದರವೇ ಇಲ್ಲ. ಹಗಲಾದರೂ ರಾತ್ರಿಯಾದರೂ ಯೂನಿಟ್‌ಗೆ 5.80. ತೆರಿಗೆ, ಪಿಂಚಣಿ ಸರ್‌ಚಾರ್ಜ್ ಸೇರಿ ಸುಮಾರು 6.68. ಎರಡನೆಯದೇ ದೊಡ್ಡದು. ನಮ್ಮದು ಗೃಹಜ್ಯೋತಿ ಮನೆ, ಪುಕ್ಕಟೆ ಮಿತಿ 150 ಯೂನಿಟ್. ಮಿತಿ ದಾಟಿ 200ರೊಳಗೆ ಉಳಿದರೆ ಹೆಚ್ಚಿನ ಯೂನಿಟ್‌ಗಷ್ಟೇ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಮ್ಮದೇ. ಮನೆಗೆ 140, ಕಾರಿಗೆ 130, ಒಟ್ಟು 270. ಕರೆಂಟಿಗೆ 1,804, ನಿಗದಿತ ಶುಲ್ಕ ನಾಲ್ಕು ಕಿಲೋವ್ಯಾಟ್‌ಗೆ 580.

ಕಾರು ಬರದೇ ಇದ್ದಿದ್ದರೆ ಇದೆಲ್ಲ ಸೊನ್ನೆ ಅಲ್ವಾ? ಹಾಗಾಗಿ ಅಷ್ಟೂ ಕಾರಿನ ಲೆಕ್ಕಕ್ಕೇ ಬರೆದೆ. 2,384ನ್ನು 130ರಿಂದ ಭಾಗಿಸಿದರೆ ಯೂನಿಟ್‌ಗೆ 18.30. ಅದೂ ಮೀಟರ್ ತೋರಿಸಿದ ಯೂನಿಟ್‌ಗೆ. ಮನೆಯ ಸಾಕೆಟ್‌ನಿಂದ ಬರುವ ಎಸಿ ಕರೆಂಟನ್ನು ಕಾರೊಳಗಿನ ಚಾರ್ಜರ್ ಡಿಸಿ ಮಾಡುವಾಗ ನೂರಕ್ಕೆ ಹತ್ತು-ಹನ್ನೆರಡು ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಗೆ ಸೇರಿದ್ದು ಸುಮಾರು 115. ಅಂದರೆ ಯೂನಿಟ್ 20.70ಕ್ಕೆ ಬಿತ್ತು.

ಹಾವೇರಿ ರಸ್ತೆಯ ಹೋಟೆಲ್ ಮುಂದಿನ ಫಾಸ್ಟ್ ಚಾರ್ಜರ್‌ನಲ್ಲಿ ಹೋದ ವಾರ ಕೊಟ್ಟಿದ್ದು ಯೂನಿಟ್‌ಗೆ 18 ರೂಪಾಯಿ, ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಒಟ್ಟು 21.24. ಅಲ್ಲಿ ಡಿಸಿ ಮಾಡುವ ನಷ್ಟ ಅವರ ಕಡೆ. ಎಂಟು ತಾಸು ಕಾದು ನಾನು ಉಳಿಸಿದ್ದು ಯೂನಿಟ್‌ಗೆ ಐವತ್ತು ಪೈಸೆ!

"ಅಂದ್ರ ಮನೀ ಫ್ರೀ ಕರೆಂಟ್ ಕಾರಿಗೆ ಕೊಟ್ಟು ಕುಂತೀವಿ ಅನ್ರಿ" ಅಂದಳು ಇವಳು. ಬಿಲ್ ಹಿಂದೆಯೇ ಲೆಕ್ಕ ಬರೆಯುತ್ತಿದ್ದೆ, ಏನೂ ಹೇಳಲಿಲ್ಲ.

ಪಕ್ಕದ ಮನೆಯವರದು ಮೊದಲೇ 300 ಯೂನಿಟ್, ಗೃಹಜ್ಯೋತಿ ಇಲ್ಲ. ಅವರು ಕಾರು ಕೊಂಡರೆ ನಷ್ಟ ಸೇರಿಸಿಯೂ ಯೂನಿಟ್‌ಗೆ 7.60 ಅಷ್ಟೇ. ಅವರಿಗೆ ಮನೆಯೇ ಲಾಭ, ಫಾಸ್ಟ್ ಚಾರ್ಜರ್‌ ದರದ ಸುಮಾರು ಮೂರನೇ ಒಂದು ಭಾಗ.

ನನಗೆ ಎರಡು ದಾರಿ ಕಾಣುತ್ತಿವೆ. ತಿಂಗಳಿಗೆ ಕಾರಿಗೆ ಐವತ್ತು ಯೂನಿಟ್ ಮಾತ್ರ ಮನೆಯಲ್ಲಿ ಹಾಕಿ 190ಕ್ಕೆ ನಿಲ್ಲಿಸುವುದು, ಇಲ್ಲವೇ ಕಾರಿಗೇ ಬೇರೆ ಮೀಟರ್ ಕೇಳುವುದು. ಸೋಮವಾರ ಹೆಸ್ಕಾಂ ಆಫೀಸಿಗೆ ಹೋಗಿ ವಿಚಾರಿಸುತ್ತೇನೆ. ಇವತ್ತು ರಾತ್ರಿ ಪ್ಲಗ್ ಹಾಕಿಲ್ಲ.